ಚೆಲ್ಲಲೋ ಬೇಡವೋ

ಐದು ದಿನ ಊರಿನಲ್ಲಿದ್ದು ಬಂದು ಫ್ರಿಜ್ಜಿನ ಬಾಗಿಲು ತೆಗೆದರೆ ಎದುರಿಗೇ ಮೊಸರಿನ ಸ್ಟೀಲ್ ಡಬ್ಬಿ ಕೂತಿತ್ತು. ಹೊರಡುವ ಗಡಿಬಿಡಿಯಲ್ಲಿ ಅರ್ಧ ಉಳಿಸಿ ಹೋಗಿದ್ದೆ. ನಮ್ಮವರು ನನ್ನ ಹೆಗಲ ಮೇಲಿಂದ ಇಣುಕಿ "ಚೆಲ್ಲಿಬಿಡು" ಅಂದರು. ನಡುಮನೆಯಲ್ಲಿ ಕೂತಿದ್ದ ಅತ್ತೆ "ಏನದು ಚೆಲ್ಲೋದು? ಇಲ್ಲಿ ಕೊಡಮ್ಮ ನೋಡೋಣ" ಅಂದರು. ಮದುವೆಯಾದಾಗಿನಿಂದ ನಾನು ನಿಂತಿರುವ ಜಾಗ ಇದೇ: ಅನುಮಾನ ಬಂದರೆ ಸಿಂಕಿಗೆ ಸುರಿಯುವ ಮಗ, ಯಾವುದನ್ನೂ ಸುರಿಯದ ತಾಯಿ, ಮಧ್ಯೆ ಡಬ್ಬಿ ಹಿಡಿದ ನಾನು.

ಮುಚ್ಚಳ ತೆಗೆದೆ. ಮೇಲೆ ಒಂದು ಬೆರಳಷ್ಟು ನೀರು ನಿಂತಿತ್ತು, ಹಳದಿಗೆ ತುಸು ಹಸಿರು ಬೆರೆತ ಬಣ್ಣ. "ನೋಡು, ಹಸಿರಾಗಿದೆ!" ಎಂದು ನಮ್ಮವರು ಗೆದ್ದವರಂತೆ ಹೇಳಿದರು. ಪಾಪ, ಅದು ಮೊಸರಿನದೇ ತಿಳಿನೀರು. ಹುಳಿ ಏರಿದಂತೆ ಗಡ್ಡೆ ಬಿಗಿದುಕೊಂಡು ನೀರು ಬಿಡುತ್ತದೆ. ಆ ಹಸಿರು ಛಾಯೆ ಹಾಲಿನಲ್ಲೇ ಇರುವ ರೈಬೋಫ್ಲೇವಿನ್ ಎಂಬ ವಿಟಮಿನ್ನಿನದು. ನೀರಿನ ಕೆಳಗೆ ಗಡ್ಡೆ ಬೆಳ್ಳಗೆ, ನುಣ್ಣಗೆ ಇತ್ತು. ಮೂಸಿದರೆ ಹುಳಿ, ಬರೀ ಹುಳಿ. ಕಣ್ಣು, ಮೂಗು ಎರಡೂ ಒಪ್ಪಿದ ಮೇಲಷ್ಟೇ ನಾಲಿಗೆಗೆ ಕೆಲಸ. ಚಮಚದ ತುದಿಯಷ್ಟು ಇಟ್ಟುಕೊಂಡೆ, ಹಲ್ಲು ಜುಮ್ಮೆಂದಿತು. ಇದು ಹುಳಿಯಾದ ಮೊಸರು, ಕೆಟ್ಟದ್ದಲ್ಲ.

ಹುಳಿಯನ್ನು ಅಳೆಯುವ ಅಂಕಿ ಪಿಎಚ್, ಅದು ಇಳಿದಷ್ಟೂ ಹುಳಿ ಹೆಚ್ಚು. ಹಾಲಿನ ಪಿಎಚ್ ಸುಮಾರು 6.7. ಹೆಪ್ಪಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತಾ ಅದನ್ನು 4.6ರ ಆಸುಪಾಸಿಗೆ ಇಳಿಸಿದಾಗ ಮೊಸರು ಕೂರುತ್ತದೆ. ಫ್ರಿಜ್ಜಿನಲ್ಲೂ ಅವು ಪೂರ್ತಿ ಸುಮ್ಮನಿರುವುದಿಲ್ಲ, ಇನ್ನಷ್ಟು ಇಳಿಸುತ್ತವೆ. ಆ ಹುಳಿಯಲ್ಲಿ ಹೊಟ್ಟೆ ಕೆಡಿಸುವ ಹೆಚ್ಚಿನ ಬ್ಯಾಕ್ಟೀರಿಯಾ ಬೆಳೆಯಲಾರವು. ಬೂಷ್ಟು, ಯೀಸ್ಟು ಮಾತ್ರ ಹುಳಿಗೆ ಹೆದರುವ ಜಾತಿಯಲ್ಲ.

ಬೂಷ್ಟಿನ ವಿಷಯದಲ್ಲಿ ಅತ್ತೆಗೂ ನನಗೂ ಒಮ್ಮೆ ಜಟಾಪಟಿಯೇ ಆಗಿದೆ. ಹೋದ ಮಳೆಗಾಲ, ಕೆನೆಯ ಮೇಲೆ ಸಾಸಿವೆಯಷ್ಟು ಹಸಿರು ಚುಕ್ಕೆ ಎದ್ದಿತ್ತು. ಅತ್ತೆ ಅದನ್ನು ಚಮಚದಲ್ಲಿ ಎತ್ತಿ ಎಸೆದು, "ಉಳಿದದ್ದಕ್ಕೆ ಏನಾಗಿದೆ? ಮಜ್ಜಿಗೆ ಹುಳಿ ಕುದಿಸಿದರೆ ಎಲ್ಲ ಸತ್ತುಹೋಗುತ್ತೆ" ಅಂದರು. ಚುಕ್ಕೆಯಾಗಿ ಕಾಣುವುದು ಬೂಷ್ಟಿನ ತಲೆ, ಅದರ ಎಳೆಗಳು ಕಾಣದಂತೆ ಮೆತ್ತನೆಯ ಮೊಸರಿನೊಳಗೆ ಇಳಿದಿರುತ್ತವೆ. ಕುದಿಸಿದರೆ ಬೂಷ್ಟು ಸಾಯುತ್ತದೆ, ಅದು ಬಿಟ್ಟಿರಬಹುದಾದ ವಿಷ ಹಾಗೆ ಸಾಯುವಂಥದಲ್ಲ. ಸಾಲದ್ದಕ್ಕೆ ಬೂಷ್ಟು ಆ ಹುಳಿಯನ್ನೇ ತಿಂದು ಬೇರೆಯವಕ್ಕೂ ದಾರಿ ಮಾಡಿಕೊಡಬಲ್ಲದು. ಅವತ್ತು ಪಾತ್ರೆ ಪೂರ್ತಿ ಚೆಲ್ಲಿದೆ. ಅತ್ತೆ ಎರಡು ದಿನ ನನ್ನೊಡನೆ ಸಾರಿನ ಉಪ್ಪಿನ ಬಗ್ಗೆ ಮಾತ್ರ ಮಾತಾಡಿದರು. ಗುಲಾಬಿ, ಕಿತ್ತಳೆ ಕಲೆ ಕಂಡರೂ ಇದೇ ತೀರ್ಪು. ಮುಚ್ಚಳ ಉಸ್ಸೆಂದು, ಗುಳ್ಳೆಯೆದ್ದು, ಬ್ರೆಡ್ಡಿನಂತೆಯೋ ಹೆಂಡದಂತೆಯೋ ವಾಸನೆ ಬಂದರೆ ಯೀಸ್ಟು ಸೇರಿದೆ ಎಂದರ್ಥ. ಅದನ್ನೂ ನಾನು ಇಟ್ಟುಕೊಳ್ಳುವುದಿಲ್ಲ. ಎತ್ತಿದರೆ ನೂಲಿನಂತೆ ಎಳೆ ಬರುವ ಲೋಳೆ ಮೊಸರು ಬಹುಪಾಲು ಹೆಪ್ಪಿನ ದೋಷ. ವಾಸನೆ ಸರಿಯಿದ್ದರೆ ಅಪಾಯ ಕಡಿಮೆ, ಆದರೆ ಆ ಹೆಪ್ಪು ಮುಂದುವರಿಸಿದರೆ ನಾಳೆಯೂ ಲೋಳೆಯೇ.

ನಾನು ನಿಜವಾಗಿ ಹೆದರುವುದು ಹುಳಿಯಾಗದ ಮೊಸರಿಗೆ. ಒಮ್ಮೆ ನಿದ್ದೆಗಣ್ಣಿನಲ್ಲಿ ಕುದಿ ಇಳಿದ ಬಿಸಿ ಹಾಲಿಗೇ ಹೆಪ್ಪು ಹಾಕಿ ಮಲಗಿದ್ದೆ. ಹೆಪ್ಪು ಅಲ್ಲೇ ಬೆಂದುಹೋಗಿತ್ತು. ಬೇಸಿಗೆಯ ರಾತ್ರಿ, ಹತ್ತು ಗಂಟೆ ಕಳೆದು ನೋಡಿದರೆ ಹಾಲು ಗಟ್ಟಿಯಾಗಿತ್ತು! ಖುಷಿಯಲ್ಲಿ ಚಮಚ ಹಾಕಿದೆ. ಹುಳಿ ವಾಸನೆ ಇಲ್ಲವೇ ಇಲ್ಲ, ಬದಲಿಗೆ ಎಂಥದೋ ಮುಗ್ಗಲು. ಹಾಲು ಕುದಿಸಿದರೂ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಬಳಗದ ಕೆಲವು ಜಾತಿಗಳ ಬೀಜಕಣಗಳು ಉಳಿಯುತ್ತವೆ. ಹೆಪ್ಪಿನವರು ಮನೆಯಲ್ಲಿ ಇಲ್ಲದಿದ್ದರೆ ಇವು ಬೆಚ್ಚಗೆ ಎದ್ದು, ಹುಳಿಯೇ ಇಲ್ಲದೆ ಹಾಲನ್ನು ಗಟ್ಟಿ ಮಾಡಬಲ್ಲವು. ಮುಂದೆ ಕಹಿಯೂ ಬರುತ್ತದೆ. ಹೊಟ್ಟೆ ಕೆಡಿಸುವ ಬ್ಯಾಸಿಲಸ್ ಸೀರಿಯಸ್ ಎಂಬುದೂ ಇದೇ ಬಳಗದ್ದು. ನೋಡಲು ಮೊಸರು, ಒಳಗೆ ಕೆಟ್ಟ ಹಾಲು. ಇನ್ನಷ್ಟು ಹೆಪ್ಪು ಹಾಕಿ ಸರಿಮಾಡುವ ಆಸೆ ಬೇಡ, ನೇರ ಚೆಲ್ಲುವುದೇ.

ಇವತ್ತಿನ ಡಬ್ಬಿಯ ಮೊಸರಿಗೆ ನೀರು ಬೆರೆಸಿ ಕಡೆದು, ರವೆ ದೋಸೆಗೆ ಹಿಟ್ಟು ಕಲಸಿದೆ. ಅತ್ತೆ ಗೆದ್ದೆನೆಂದುಕೊಂಡರು, ನಾನೂ ಸುಮ್ಮನಿದ್ದೆ. "ಒಂದು ಚಮಚ ಹೆಪ್ಪಿಗೆ ಎತ್ತಿಡಮ್ಮ" ಅಂದರು. ಅದೊಂದು ಆಗಲಿಲ್ಲ. ಇಷ್ಟು ಹುಳಿ ಹಿಡಿದ ಹೆಪ್ಪು ಹಾಕಿದರೆ ನಾಳೆಯ ಮೊಸರು ಮಧ್ಯಾಹ್ನಕ್ಕೇ ಹಲ್ಲು ಜುಮ್ಮೆನ್ನಿಸುತ್ತದೆ. ಬಟ್ಟಲು ಹಿಡಿದು ಎದುರುಮನೆಯ ಗಂಟೆ ಒತ್ತಿದೆ.