ಹತ್ತನೆಯ ಸೂತ್ರ

ಮೈಮೇಲೆ ಬನಿಯನ್ನೂ ಇಲ್ಲದೆ ಬೆಳಗಿನ ಜಾವಕ್ಕೇ ಪ್ರತ್ಯಕ್ಷರಾಗಿ, "ನಿಮಗೂ ದಿನಕ್ಕೆ ಇಪ್ಪತ್ನಾಲ್ಕು ಗಂಟೆ, ನನಗೂ ಇಪ್ಪತ್ನಾಲ್ಕೇ ಗಂಟೆ, ನೆಪ ಹೇಳಬೇಡಿ" ಎಂದು ಗದರಿಸುವ ಮಹಾಪುರುಷರು ನನ್ನ ಮೊಬೈಲಿನಲ್ಲಿ ಇತ್ತೀಚೆಗೆ ವಿಪರೀತ ಹೆಚ್ಚಿದ್ದಾರೆ. ನಾನು ಅವರಿಗೆ ಯಾವ ನೆಪವನ್ನೂ ಹೇಳಿರಲಿಲ್ಲ. ಮಂಡಿನೋವಿಗೆ ಒಂದು ಸುಲಭದ ವ್ಯಾಯಾಮ ಇದೆಯೇ ಎಂದು ಹುಡುಕಿದ್ದೆ, ಅಷ್ಟೇ. ಮಂಡಿಯ ವಿಷಯ ಅಲ್ಲಿಗೇ ಮರೆತುಹೋಯಿತು. ಅಂದಿನಿಂದ ದಿನವೂ ಹೊಟ್ಟೆಗಳ ದರ್ಶನವಾಗುತ್ತಿದೆ: ಆರು ಕಟ್ಟಿನ ಹೊಟ್ಟೆ, ಎಂಟು ಕಟ್ಟಿನ ಹೊಟ್ಟೆ, ಹಾಗೂ ಇವೆರಡೂ ಅಲ್ಲದ ಹೊಟ್ಟೆ ಇಟ್ಟುಕೊಂಡವರು ಎಷ್ಟು ಸೋಮಾರಿಗಳು ಎಂಬ ಪ್ರವಚನ.

ಈ ಲೋಕದ ಅತಿ ದೊಡ್ಡ ಪವಾಡವೆಂದರೆ "ಮೊದಲು" ಮತ್ತು "ನಂತರ" ಎಂಬ ಜೋಡಿ ಚಿತ್ರ. ಮೊದಲಿನ ಚಿತ್ರದಲ್ಲಿರುವ ಮನುಷ್ಯ ಯಾವಾಗಲೂ ದುಃಖದಲ್ಲಿರುತ್ತಾನೆ. ಭುಜ ಇಳಿಬಿದ್ದಿರುತ್ತದೆ, ಕೂದಲು ಕೆದರಿರುತ್ತದೆ, ಸಾಲಗಾರ ಬಾಗಿಲಿಗೆ ಬಂದು ನಿಂತಂತಹ ಮುಖ. ನಂತರದ ಚಿತ್ರದಲ್ಲಿ ಅವನಿಗೆ ಹಲ್ಲು ಬಂದಿರುತ್ತದೆ, ಮೈಬಣ್ಣ ಬಂದಿರುತ್ತದೆ, ಒಳ್ಳೆಯ ಕ್ಷೌರಿಕನೂ ಸಿಕ್ಕಿರುತ್ತಾನೆ. ಕೊಬ್ಬು ಕರಗಿದರೆ ಗಡ್ಡ ಇಷ್ಟು ನೀಟಾಗುತ್ತದೆಂದು ವೈದ್ಯಶಾಸ್ತ್ರ ಇನ್ನೂ ಹೇಳಿಲ್ಲ.

ಈ ಪವಾಡಕ್ಕೆ ಹನ್ನೆರಡು ವಾರ ಬೇಕಿಲ್ಲ, ಒಂದು ಮಧ್ಯಾಹ್ನ ಸಾಕು. ಹೊಟ್ಟೆ ತುಂಬ ಊಟ ಮಾಡಿ, ಮೇಲೆ ಒಂದು ಚೊಂಬು ನೀರು ಕುಡಿದು, ಚಡ್ಡಿಯನ್ನು ಹೊಟ್ಟೆಯ ಕೆಳಗೆ ಇಳಿಸಿ, ಬೆಳಕು ನೇರ ಮುಖದ ಮೇಲೆ ಬೀಳುವಂತೆ ನಿಂತರೆ "ಮೊದಲು" ಸಿದ್ಧ. ನೇರ ಬೆಳಕು ಮೈಯ ಉಬ್ಬುತಗ್ಗುಗಳ ನೆರಳನ್ನೆಲ್ಲ ಅಳಿಸಿಬಿಡುತ್ತದೆ. ಊಟ ಇಳಿದ ಮೇಲೆ ಒಂದಿಷ್ಟು ದಂಡ ಹೊಡೆಯಬೇಕು. ಸ್ನಾಯುಗಳಿಗೆ ರಕ್ತ ನುಗ್ಗಿ ಅವು ಸ್ವಲ್ಪ ಹೊತ್ತು ಉಬ್ಬಿಕೊಳ್ಳುತ್ತವೆ. ಆಗ ದೀಪವನ್ನು ತಲೆಯ ಮೇಲಕ್ಕೋ ಪಕ್ಕಕ್ಕೋ ಸರಿಸಿ, ಮೈಗೆ ಎಣ್ಣೆ ಸವರಿ, ಚಡ್ಡಿಯನ್ನು ಮೇಲಕ್ಕೆಳೆದು, ಉಸಿರು ಹೊರಹಾಕಿ, ಸೊಂಟವನ್ನು ಒಂದಿಷ್ಟು ತಿರುಗಿಸಿದರೆ ಅದು "ನಂತರ". ಇಷ್ಟಕ್ಕೂ ಚಿತ್ರ ತಿದ್ದುವ ಯಾವ ಆ್ಯಪ್ ಕೂಡ ಬೇಕಾಗಿಲ್ಲ. ಸ್ಪರ್ಧೆಗೆ ತಯಾರಾದ ದೇಹದಾರ್ಢ್ಯ ಪಟುಗಳ ಕಥೆ ಇದಕ್ಕಿಂತ ಸ್ವಾರಸ್ಯಕರ. ವೇದಿಕೆ ಏರುವ ದಿನ ಅವರಿಗಿರುವ ಮೈಕಟ್ಟು ತಿಂಗಳುಗಟ್ಟಲೆ ಹಸಿದು ಗಳಿಸಿದ್ದು, ಹೆಚ್ಚು ದಿನ ಉಳಿಯುವಂಥದ್ದಲ್ಲ. ಆದರೆ ಆ ಒಂದೆರಡು ದಿನಗಳಲ್ಲಿ ಬಟ್ಟೆ ಬದಲಿಸಿ ಬದಲಿಸಿ ತೆಗೆದಿಟ್ಟ ಚಿತ್ರಗಳು ವರ್ಷವಿಡೀ ಬರುತ್ತಲೇ ಇರುತ್ತವೆ. ನಾವು ನಮ್ಮ ಮಂಗಳವಾರದ ಹೊಟ್ಟೆಯನ್ನು ಅವರ ಆ ಒಂದು ದಿನದ ಹೊಟ್ಟೆಯ ಪಕ್ಕ ಇಟ್ಟು ನೋಡುತ್ತೇವೆ.

ಇರಲಿ, ದೀಪದ ಆಟ ಸಣ್ಣ ಕಳ್ಳತನ. ದೊಡ್ಡದಕ್ಕೆ ಬರೋಣ. ಲಿವರ್ ಕಿಂಗ್ ಎಂಬ ಹೆಸರಿನಲ್ಲಿ ಪ್ರಸಿದ್ಧನಾದ ಅಮೆರಿಕದ ಬ್ರಯಾನ್ ಜಾನ್ಸನ್‌ನನ್ನು ಓದುಗರು ಮರೆತಿರಲಾರರು. ಪ್ರಾಣಿಗಳ ಹಸಿ ಯಕೃತ್ತನ್ನು ಕಚಕಚನೆ ಅಗಿಯುತ್ತಾ, ಪೂರ್ವಜರಂತೆ ಬದುಕಿರಿ ಎಂದು ಘರ್ಜಿಸುತ್ತಿದ್ದ ಅದೇ ಗಡ್ಡದ ಮನುಷ್ಯ. ಅವನ ಧರ್ಮಕ್ಕೆ ಒಂಬತ್ತು ಸೂತ್ರಗಳಿದ್ದವು: ನಿದ್ರೆ, ಆಹಾರ, ಚಲನೆ, ಬಿಸಿಲು, ಚಳಿ ಹೀಗೆ. ಜೊತೆಗೆ ಯಕೃತ್ತನ್ನು ಒಣಗಿಸಿ ಮಾಡಿದ ಮಾತ್ರೆಗಳ ವ್ಯಾಪಾರವೂ ಇತ್ತು. ಪೂರ್ವಜರು ಮಾತ್ರೆ ನುಂಗುತ್ತಿದ್ದರೇ ಎಂದು ಯಾರೂ ಕೇಳಲಿಲ್ಲ. ಸ್ಟೆರಾಯ್ಡ್ ತೆಗೆದುಕೊಳ್ಳುತ್ತೀಯಾ ಎಂದು ಕೇಳಿದವರಿಗೆಲ್ಲ ಇಲ್ಲ ಎಂದಿದ್ದ. 2022ರ ಡಿಸೆಂಬರ್ ಹೊತ್ತಿಗೆ ಅವನ ಇ-ಮೇಲ್‌ಗಳು ಹೊರಬಿದ್ದವು, ತಿಂಗಳಿಗೆ ಹನ್ನೊಂದು ಸಾವಿರ ಡಾಲರಿಗೂ ಮಿಕ್ಕಿ ಹಾರ್ಮೋನುಗಳಿಗೆ ಸುರಿಯುತ್ತಿದ್ದದ್ದು ಬೆಳಕಿಗೆ ಬಂತು, ಅವನು ಅಂಗಿಯಿಲ್ಲದೆಯೇ ಕುಳಿತು ಕ್ಷಮೆ ಕೇಳಿದ. ಒಂಬತ್ತು ಸೂತ್ರಗಳ ನಂತರ ಹತ್ತನೆಯದೊಂದು ಇತ್ತು, ಅದು ಸೂಜಿಯ ತುದಿಯಲ್ಲಿತ್ತು.

ಆ ಕ್ಷಮಾಪಣೆಯಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಬೇರೆಯೇ ಮಾತು. ತನ್ನ ಬಗ್ಗೆ ತನಗೇ ಕೀಳರಿಮೆಯಿದೆ ಎಂದೂ ಅವನು ಹೇಳಿಕೊಂಡ. ಲಕ್ಷಾಂತರ ಹುಡುಗರು ಯಾವ ದೇಹವನ್ನು ನೋಡಿ ತಮ್ಮನ್ನು ತಾವೇ ಹಳಿದುಕೊಂಡರೋ, ಆ ದೇಹದ ಯಜಮಾನನಿಗೇ ಅದು ಸಾಲುತ್ತಿರಲಿಲ್ಲ.

ಸೂಜಿಯ ಪಾಲು ಎಷ್ಟು ದೊಡ್ಡದು ಎಂಬುದಕ್ಕೆ ಹಳೆಯದೊಂದು ಪ್ರಯೋಗವಿದೆ. 1996ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಭಾಸಿನ್ ಮತ್ತು ಸಂಗಡಿಗರು ಪ್ರಕಟಿಸಿದ್ದು. 43 ಆರೋಗ್ಯವಂತ ಗಂಡಸರನ್ನು ನಾಲ್ಕು ಗುಂಪು ಮಾಡಿದರು. ಕೆಲವರಿಗೆ ಹತ್ತು ವಾರ, ವಾರಕ್ಕೆ 600 ಮಿಲಿಗ್ರಾಂ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ಚುಚ್ಚಿದರು, ಉಳಿದವರಿಗೆ ಬರೀ ಹುಸಿಮದ್ದು. ಎರಡೂ ಕಡೆಗಳಲ್ಲಿ ಅರ್ಧ ಜನ ಭಾರ ಎತ್ತಿದರು, ಅರ್ಧ ಜನ ವ್ಯಾಯಾಮ ಮಾಡಲಿಲ್ಲ. ಹುಸಿಮದ್ದಿನ ಮೇಲೆ ಹತ್ತು ವಾರ ಬೆವರು ಹರಿಸಿದವರಿಗೆ ಕೊಬ್ಬಿಲ್ಲದ ತೂಕ ಸುಮಾರು ಎರಡು ಕಿಲೋ ಏರಿತು. ಸೂಜಿ ಚುಚ್ಚಿಸಿಕೊಂಡು ವ್ಯಾಯಾಮ ಮಾಡದೇ ಇದ್ದವರಿಗೆ ಮೂರು ಕಿಲೋಗಿಂತ ಹೆಚ್ಚು. ಎರಡನ್ನೂ ಮಾಡಿದವರಿಗೆ ಆರು ಕಿಲೋ. ಅಂದರೆ "ನೆಪ ಹೇಳಬೇಡಿ" ಎಂದು ಗದರಿಸಬೇಕಾದದ್ದು ಯಾರು ಯಾರನ್ನು ಎಂಬುದೇ ತಲೆಕೆಳಗಾಯಿತು. ಸುಮ್ಮನೆ ಕುಳಿತ ಮನುಷ್ಯ ಬೆವರಿದವನನ್ನು ಸೋಮಾರಿ ಎನ್ನಬಹುದು, ಅವನ ಬಳಿ ಮೂರು ಕಿಲೋ ಸಾಕ್ಷಿಯಿದೆ! ಇದನ್ನು ಓದಿ ಯಾರಿಗಾದರೂ ಸೂಜಿಯ ಆಸೆ ಹುಟ್ಟಿದರೆ, ಹೊರಗಿನಿಂದ ಹಾರ್ಮೋನು ಬರತೊಡಗಿದಾಗ ದೇಹ ತನ್ನ ಸ್ವಂತ ಉತ್ಪಾದನೆಯನ್ನು ನಿಲ್ಲಿಸುತ್ತದೆ, ವೃಷಣಗಳು ಕುಗ್ಗುತ್ತವೆ, ದೀರ್ಘ ಕಾಲದ ಬಳಕೆಯಿಂದ ಹೃದಯದ ಸ್ನಾಯು ಕೆಡುತ್ತದೆ ಎಂಬುದೂ ನೆನಪಿರಲಿ. ಆ ಚಿತ್ರಗಳನ್ನು ಯಾರೂ ಹಾಕುವುದಿಲ್ಲ.

ನಾರ್ವೆಯಲ್ಲಿ 2022ರ ಜುಲೈನಿಂದ ಒಂದು ಕಾನೂನಿದೆ. ಜಾಹೀರಾತಿನ ಚಿತ್ರದಲ್ಲಿ ಮೈಯ ಆಕಾರವನ್ನೋ ಚರ್ಮವನ್ನೋ ತಿದ್ದಿದ್ದರೆ ಹಾಗೆಂದು ಮುದ್ರೆ ಹಾಕಬೇಕು. ಬಹಳ ಒಳ್ಳೆಯದು. ಆದರೆ ಚಿತ್ರದ ಬದಲು ಮೈಯನ್ನೇ ಸೂಜಿಯಿಂದ ತಿದ್ದಿಕೊಂಡವನಿಗೆ ಈ ಮುದ್ರೆಯ ಕಾಟವಿಲ್ಲ. ಅವನ ಚಿತ್ರ ಅಪ್ಪಟ.

ಇಷ್ಟು ಹೊತ್ತು ನಗೆಯಾಡಿದೆ. ನಿಜಕ್ಕೂ ಬೇಸರ ತರಿಸುವುದು ಈ ವ್ಯಾಪಾರ ನಡೆಯುವ ಬಗೆ. ಮೊದಲು ಹದಿನೇಳರ ಹುಡುಗನಿಗೆ ಅವನ ತೋಳು ಕಡ್ಡಿಯಂತಿದೆ ಎಂದು ಹೇಳಬೇಕು. ಹುಡುಗಿಗೆ ಅವಳ ತೊಡೆ ತೋರಿಸಬೇಕು. ಅವರು ಕನ್ನಡಿಯ ಮುಂದೆ ನಿಂತು ಮುಖ ಕಿವುಚಿಕೊಂಡ ಮೇಲೆ ಪುಡಿ ಮಾರಬೇಕು, ಹನ್ನೆರಡು ವಾರದ ಯೋಜನೆ ಮಾರಬೇಕು. ಯೋಜನೆ ಫಲಿಸದಿದ್ದರೆ ತಪ್ಪು ಅವರದೇ, ಅವರಿಗೆ ಛಲವಿಲ್ಲ. ಮಕ್ಕಳು ಒಂದು ತುತ್ತು ಹೆಚ್ಚು ಉಂಡದ್ದಕ್ಕೆ ಶಿಕ್ಷೆಯೆಂದು ಓಡುತ್ತಿದ್ದಾರೆ. ಇದನ್ನು ಪ್ರೇರಣೆ ಎಂದು ಕರೆಯುವವರಿಗೆ ನಾಚಿಕೆಯಾಗಬೇಕು.

ಹಾಗಾದರೆ ವ್ಯಾಯಾಮ ಬಿಡಬೇಕೇ? ಬಿಡಬೇಕಾದದ್ದು ಕನ್ನಡಿಯನ್ನು ಅಳತೆಗೋಲು ಮಾಡಿಕೊಳ್ಳುವುದನ್ನು. ಏಕೆಂದರೆ ಅದು ಬಹಳ ತಡವಾಗಿ ಮಾತಾಡುತ್ತದೆ. ಹೊಸದಾಗಿ ಭಾರ ಎತ್ತಲು ತೊಡಗಿದವರಿಗೆ ಮೊದಲ ಕೆಲವು ವಾರಗಳಲ್ಲಿ ಬರುವ ಶಕ್ತಿಯ ಬಹುಪಾಲು ನರಮಂಡಲ ಕಲಿಯುವ ಪಾಠದಿಂದ ಬಂದದ್ದು. ಇರುವ ಸ್ನಾಯುಗಳನ್ನೇ ಹೆಚ್ಚು ಚೆನ್ನಾಗಿ ದುಡಿಸಿಕೊಳ್ಳುವುದನ್ನು ಮಿದುಳು ಕಲಿಯುತ್ತದೆ. ಗಾತ್ರ ಆಮೇಲೆ ನಿಧಾನವಾಗಿ ಬರುತ್ತದೆ. ಮೂರನೆಯ ವಾರ ಕನ್ನಡಿಯ ಮುಂದೆ ನಿಂತು "ಏನೂ ಆಗಿಲ್ಲ" ಎಂದು ಬಿಟ್ಟುಬಿಡುವವನ ಮೈಯೊಳಗೆ ಆಗಬೇಕಾದದ್ದು ಸರಿಯಾಗಿಯೇ ಆಗುತ್ತಿರುತ್ತದೆ. ತೂಕದ ಯಂತ್ರವೂ ಅಷ್ಟೇ ನಂಬಿಕಸ್ಥ. ನೀರು, ಉಪ್ಪು, ಹೊಟ್ಟೆಯೊಳಗಿನ ಊಟ ಇವುಗಳಿಂದಲೇ ದಿನದಿಂದ ದಿನಕ್ಕೆ ಒಂದೆರಡು ಕಿಲೋ ಆಚೀಚೆ ಆಗುತ್ತದೆ. ಹೊಸ ವ್ಯಾಯಾಮಕ್ಕೆ ನೊಂದ ಸ್ನಾಯು ನೀರು ಹಿಡಿದಿಟ್ಟುಕೊಳ್ಳುವುದರಿಂದ ಮೊದಲ ವಾರ ತೂಕ ಏರಿದರೂ ಏರೀತು.

ಅದರ ಬದಲು ಒಂದು ನೋಟುಪುಸ್ತಕ ಇಟ್ಟುಕೊಳ್ಳಬಹುದು. ಒಬ್ಬ ಹುಡುಗ 10 ಕಿಲೋ ಡಂಬೆಲ್ಲನ್ನು ಎದೆಗಾನಿಸಿಕೊಂಡು ಬಸ್ಕಿ ಹೊಡೆಯುತ್ತಾನೆ ಎನ್ನಿ. ಮೂರು ಸೆಟ್. ಇನ್ನೆರಡು ಬಸ್ಕಿ ಆಗುತ್ತಿತ್ತು ಎನ್ನಿಸುವಾಗಲೇ ಪ್ರತಿ ಸೆಟ್ ನಿಲ್ಲಿಸುತ್ತಾನೆ. ಮೊದಲ ದಿನ ಬರೆದದ್ದು 8, 8, 7. ಎರಡು ದಿನ ಬಿಟ್ಟು 9, 8, 8. ಹೀಗೆ ಏರುತ್ತಾ ಮೂರೂ ಸೆಟ್ 12 ಮುಟ್ಟಿದ ದಿನ ಡಂಬೆಲ್ 12.5 ಕಿಲೋ ಆಗುತ್ತದೆ. ಆಗ ಎಣಿಕೆ ಮತ್ತೆ 9, 8, 7ಕ್ಕೆ ಇಳಿಯುತ್ತದೆ. ಬಹಳ ಜನ ಎಡವುವುದು ಇಲ್ಲೇ. ಎಣಿಕೆ ಇಳಿದದ್ದನ್ನು ಸೋಲೆಂದು ಓದುತ್ತಾರೆ, ಭಾರ ಏರಿದ್ದನ್ನು ಓದುವುದಿಲ್ಲ. ಇನ್ನೊಂದು ದಿನ ಕಾರಣವಿಲ್ಲದೆ ಎಲ್ಲವೂ ಕುಸಿಯುತ್ತದೆ. ಪಕ್ಕದಲ್ಲಿ "ನಿದ್ರೆ ಐದು ಗಂಟೆ" ಎಂದು ಬರೆದಿದ್ದರೆ ಕಾರಣ ಅಲ್ಲೇ ಸಿಗುತ್ತದೆ, ತನ್ನ ಚಾರಿತ್ರ್ಯವನ್ನು ತಪಾಸಣೆ ಮಾಡಬೇಕಾಗಿಲ್ಲ. ಸತತವಾಗಿ ಮೂರ್ನಾಲ್ಕು ಸಲ ಇಳಿದರೆ ಒಂದು ವಾರ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಬೇಕು. ಪುಸ್ತಕದಲ್ಲಿ ಹೋಲಿಕೆಗೆ ಸಿಗುವ ಮನುಷ್ಯ ಒಬ್ಬನೇ, ಹೋದ ತಿಂಗಳ ತಾನು. ಅವನ ಮೇಲೆ ದೀಪ ಸರಿಸುವವರು ಯಾರೂ ಇಲ್ಲ.

ಪುಸ್ತಕವೂ ಕೈಕೊಡುವ ಒಂದು ಸ್ಥಿತಿಯಿದೆ. ಸಾಕಷ್ಟು ಮೈಕಟ್ಟಿದ್ದರೂ ತಾನು ಬಡಕಲು ಎಂದೇ ನಂಬಿ, ದಿನಕ್ಕೆ ಹತ್ತಾರು ಸಲ ಕನ್ನಡಿ ನೋಡಿ, ಒಂದು ದಿನ ತಪ್ಪಿದರೆ ಚಡಪಡಿಸಿ, ನೋವಿದ್ದರೂ ಜ್ವರವಿದ್ದರೂ ಜಿಮ್ಮಿಗೆ ಹೋಗಿ, ಊಟದ ಲೆಕ್ಕ ತಪ್ಪುತ್ತದೆಂದು ಸ್ನೇಹಿತರ ಮನೆಗೂ ಹೋಗದವರಿದ್ದಾರೆ. ಇದಕ್ಕೆ ಮಸಲ್ ಡಿಸ್‌ಮಾರ್ಫಿಯಾ ಎಂಬ ಹೆಸರಿದೆ, ಅಮೆರಿಕದ ಮನೋವೈದ್ಯರ ಕೈಪಿಡಿಯ 2013ರ ಆವೃತ್ತಿಯಲ್ಲಿ ಇದು ದಾಖಲಾಗಿದೆ. ಇಂಥವರನ್ನು ತೋರಿಸಬೇಕಾದದ್ದು ಮನೋವೈದ್ಯರಿಗೆ. ಜಾಲತಾಣದಲ್ಲಿ ಇದೇ ಲಕ್ಷಣಗಳಿಗೆ "ಶಿಸ್ತು" ಎಂದು ಚಪ್ಪಾಳೆ ಬೀಳುತ್ತದೆ.

ಅರ್ಧಕ್ಕೆ ಇಳಿಸಿದ ಆ ವಾರದ ವಿಡಿಯೊವನ್ನು ಯಾರಾದರೂ ಹಾಕಿದ್ದಾರೆಯೇ ಎಂದು ಹುಡುಕಿ ನೋಡಿದೆ. ಮಂಡಿನೋವಿಗೆ ಹುಡುಕಿದಾಗ ಆದದ್ದೇ ಆಯಿತು. ಅಂಗಿಯಿಲ್ಲದವನೊಬ್ಬ ಬಂದು, ವಿಶ್ರಾಂತಿಯ ದಿನ ಮಾಡಬೇಕಾದ ಹದಿನಾಲ್ಕು ವ್ಯಾಯಾಮಗಳನ್ನು ಹೇಳಿಕೊಟ್ಟ.