ತ್ರಿಪದಿ ಕೈಗೂಡಬೇಕಾದರೆ

“ನೆರೆಹೊರೆಯ ಬಗ್ಗೆ ಮೂರು ಸಾಲು ಬರೆದೆ, ಪ್ರಾಸವೂ ಇದೆ. ಹಾಡಲು ಹೋದರೆ ಕೊನೆಯ ಸಾಲು ಎಡವುತ್ತದೆ, ಏಕೆ?”

ಪ್ರಾಸದಲ್ಲಿ ತಪ್ಪಿರಲಿಕ್ಕಿಲ್ಲ, ನಡೆಯಲ್ಲಿ ತಪ್ಪಿರಬೇಕು. ತ್ರಿಪದಿಗೆ ಹನ್ನೊಂದು ಗಣ: ನಾಲ್ಕು, ನಾಲ್ಕು, ಮೂರು. ಈಗಿನ ರೂಢಿಯಲ್ಲಿ ಬಹುಪಾಲು ಗಣಗಳಿಗೆ ಐದು ಮಾತ್ರೆ. ಆರನೆಯದು ಮತ್ತು ಹತ್ತನೆಯದು ಮಾತ್ರ ಚಿಕ್ಕವು, ಮೂರೇ ಮಾತ್ರೆ. ವಿಜಯಪುರದ ನಮ್ಮ ಓಣಿಯಲ್ಲಿ ಕೊಟ್ಟವರ ಪಾತ್ರೆಯನ್ನು ಬರಿದಾಗಿ ಮರಳಿಸುವುದಿಲ್ಲ. ಒಂದು ಹಿಡಿ ಶೇಂಗಾ ಆದರೂ ಹಾಕಿ ಕೊಡುತ್ತೇವೆ. ಅದನ್ನೇ ಕಟ್ಟಿ ನೋಡಿದೆ:

ಕೆನೆಮೊಸರು | ಕೊಟ್ಟವಳ | ಮನೆಪಾತ್ರೆ | ಬರಿದಾಗಿ
ದಿನಕಳೆದು | ಮರಳಿ | ಹೋಗದಿರೆ | ನೆರೆಮನೆಯು
ಅನುಗಾಲ | ನಿನಗೆ | ತೆರೆದಿಹುದು

‘ಮರಳಿ’, ‘ನಿನಗೆ’ ಇವೇ ಆ ಎರಡು ಚಿಕ್ಕ ಗಣಗಳು. ನಾನು ಮೊದಲು ‘ನಿನಗಾಗಿ’ ಎಂದೇ ಬರೆದಿದ್ದೆ. ಅರ್ಥ ಕೆಡಲಿಲ್ಲ, ಆದರೆ ಮೂರರ ಜಾಗದಲ್ಲಿ ಐದು ಮಾತ್ರೆ ಕುಳಿತು ಸಾಲು ಎಳೆದಂತಾಯಿತು. ಬೀಸುವ ಕಲ್ಲಿನ ಮುಂದೆ ಹಾಡಿದವರಿಗೆ ಈ ಲೆಕ್ಕ ಬೇಕಿರಲಿಲ್ಲ, ಕೈಯೇ ಹೇಳುತ್ತಿತ್ತು. ನಾವು ತೊಡೆ ತಟ್ಟಿಯಾದರೂ ನೋಡಬೇಕು.

ಪ್ರಾಸ ಎಲ್ಲಿದೆ ಎಂಬುದನ್ನೂ ಗಮನಿಸಿ. ಅದು ಸಾಲಿನ ಕೊನೆಯಲ್ಲಿಲ್ಲ, ಎರಡನೆಯ ಅಕ್ಷರದಲ್ಲಿದೆ: ಕೆನೆ, ದಿನ, ಅನು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೂ, ಸುಮಾರು ಕ್ರಿ.ಶ. 700ರಲ್ಲಿಯೇ, ‘ಸಾಧುಗೆ ಸಾಧು’ ಎಂದು ಆರಂಭವಾಗುವ ತ್ರಿಪದಿಯ ಮುಂದಿನ ಸಾಲುಗಳು ‘ಬಾಧಿಪ್ಪ’, ‘ಮಾಧವ’ ಎಂದು ‘ಧ’ಕಾರ ಹಿಡಿದೇ ಸಾಗುತ್ತವೆ. ಅದೂ ನಡತೆಯ ಮಾತೇ: ಒಳ್ಳೆಯವನಿಗೆ ಒಳ್ಳೆಯವನು, ಕಾಡುವವನಿಗೆ ಕಠಿಣ.

ನಿಮ್ಮ ಮೂರನೆಯ ಸಾಲಿನ ನಡುವಿನ ಪದವನ್ನೊಮ್ಮೆ ಎಣಿಸಿ ನೋಡಿ.