ಕಣದಲ್ಲಿ ಒಣಗಿದ ಬ್ಲೂಬೆರಿ

ಬೆಂಗಳೂರಿನಿಂದ ಊರಿಗೆ ಹೋಗುವಾಗ 250 ಗ್ರಾಂ ಕಾಫಿ ಬೀಜದ ಪೊಟ್ಟಣ ಒಯ್ದಿದ್ದೆ. ಬೆಲೆ 750 ರೂಪಾಯಿ. ಚಿಕ್ಕಮಗಳೂರಿನಲ್ಲಿ ತೋಟ ಇರುವ ಸೋದರಮಾವನಿಗೆ ಕಾಫಿ ಒಯ್ಯುವುದು ಅಂದ್ರೆ ಸಮುದ್ರಕ್ಕೆ ಉಪ್ಪು ಹೊತ್ತ ಹಾಗೆ. ಆದರೆ ಇದು ಬರೀ ಕಾಫಿ ಅಲ್ಲ, ಲೇಬಲ್ ಇರುವ ಕಾಫಿ.

ಮಾವ ಕನ್ನಡಕ ಏರಿಸಿ ಓದಿದರು. "ಎತ್ತರ 1,350 ಮೀಟರ್. ಈ ತೋಟ ನನಗೆ ಗೊತ್ತು ಕಣೋ. ಗಿಡ ಇರೋದೆಲ್ಲ ಸಾವಿರದ ಐವತ್ತರ ಆಸುಪಾಸು. 1,350 ಅಂದ್ರೆ ಗುಡ್ಡದ ನೆತ್ತಿ. ಅಲ್ಲಿರೋದು ಹುಲ್ಲು, ಮತ್ತೆ ಅವರ ನೀರಿನ ಟ್ಯಾಂಕು."

ಎತ್ತರಕ್ಕೆ ಬೆಲೆ ಇರುವುದು ಸುಳ್ಳಲ್ಲ. ಮೇಲೆ ಹೋದಂತೆ ರಾತ್ರಿ ತಂಪು, ಹಣ್ಣು ನಿಧಾನಕ್ಕೆ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ, ಹುಳಿ ಸಿಹಿ ಎರಡೂ ಚೆನ್ನಾಗಿ ಬರುತ್ತವೆ. ಆದರೆ ಗಿಡ ಬೆಳೆಯುವುದು ಗುಡ್ಡದ ಇಳಿಜಾರಿನಲ್ಲಿ, ಲೇಬಲ್ ಮಾತ್ರ ತುದಿಯಲ್ಲೇ ಬೆಳೆಯುತ್ತದೆ.

ತಳಿ: 'ಹೆರಿಟೇಜ್ ಎಸ್. 795'. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಕೊಟ್ಟ ತಳಿ. ಮಾವನ ಊರಿನಲ್ಲಿ ಕಲ್ಲೆಸೆದರೆ ಅದೇ ಗಿಡಕ್ಕೆ ಬೀಳುತ್ತದೆ.

ಮಾವ ನಕ್ಕಿದ್ದು ಮುಂದಿನ ಸಾಲಿಗೆ. 'ಪ್ರೋಸೆಸ್: ನ್ಯಾಚುರಲ್.'

"ಅಂದ್ರೆ ಚೆರಿ ತಾನೇ?"

ಹೌದು, ಚೆರಿಯೇ. ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು, ಲೋಳೆ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಸಿಪ್ಪೆ ಸಮೇತ ಕಣದಲ್ಲಿ ಹರವಿದರೆ ಚೆರಿ. ಮಾವನ ಕಾಲದಲ್ಲಿ ಪಾರ್ಚ್‌ಮೆಂಟ್‌ಗೆ ಮರ್ಯಾದೆ. ನೀರಿಲ್ಲದ್ದು, ಉದುರಿದ್ದು, ಕೊನೆಯ ಕೊಯ್ಲಿನ ಹಸಿರು ಕಾಯಿ ಎಲ್ಲ ಚೆರಿಗೆ, ಅದೂ ಕಡಿಮೆ ರೇಟಿಗೆ. ಈಗ ಬರೀ ಕೆಂಪು ಹಣ್ಣು ಆರಿಸಿ, ಮಂಚಿಕೆಯ ಮೇಲೆ ತೆಳ್ಳಗೆ ಹರವಿ, ಎರಡು ಮೂರು ವಾರ ಕೈಯಾಡಿಸಿದರೆ ಹಣ್ಣಿನ ಸಿಹಿ ಬೀಜಕ್ಕೂ ಇಳಿಯುತ್ತದೆ. ಅದು ನಿಜವಾದ ಕೆಲಸ, ಅದಕ್ಕೆ ದುಡ್ಡು ಕೊಡಬಹುದು. ದಪ್ಪಗೆ ರಾಶಿ ಹಾಕಿ ಮರೆತರೆ ಹುದುಗಿ ಹೆಂಡದ ನಾತ ಬರುತ್ತದೆ. ಲೇಬಲ್‌ನಲ್ಲಿ ಅದಕ್ಕೂ ಹೆಸರಿದೆ: 'ವೈನೀ'.

"ಟೇಸ್ಟಿಂಗ್ ನೋಟ್ಸ್: ಬ್ಲೂಬೆರಿ, ಮಲ್ಲಿಗೆ, ಬೆಲ್ಲ" ಅಂತ ನಾನೇ ಓದಿದೆ.

"ಬ್ಲೂಬೆರಿ ಹಾಕಿದಾರಾ?"

"ಹಾಕಲ್ಲ ಮಾವ. ರುಚಿ ನೋಡುವವರಿಗೆ ಅದರ ನೆನಪಾಗುತ್ತೆ, ಅಷ್ಟೇ."

"ಬ್ಲೂಬೆರಿ ತಿಂದಿದೀಯಾ?"

ಇಲ್ಲ. ಸುಮ್ನೆ ಬೀಜ ಪುಡಿ ಮಾಡಲು ಎದ್ದೆ.

ಇಷ್ಟೆಲ್ಲ ಬರೆದ ಪೊಟ್ಟಣದಲ್ಲಿ ಹುರಿದ ತಾರೀಖು ಮಾತ್ರ ಇರಲಿಲ್ಲ. 12 ತಿಂಗಳೊಳಗೆ ಬಳಸಿ ಅಂತಿತ್ತು. ಇತ್ತೀಚೆಗೆ ಹುರಿದ ಪುಡಿಗೆ ಬಿಸಿನೀರು ಬಿದ್ದರೆ ಗಾಳಿ ಬಿಟ್ಟು ಉಬ್ಬಬೇಕು. ಇದು ಕೆಸರಿನ ಹಾಗೆ ಚಪ್ಪಟೆ ಮಲಗಿತು.

ಆದರೂ ಲೋಟ ಮೂಗಿಗೆ ಹಿಡಿದೆ. ಘಮ್ ಅಂತು!

"ಮಾವ, ಮಲ್ಲಿಗೆ! ಮಲ್ಲಿಗೆ ಬರ್ತಿದೆ!"

ಪಕ್ಕದಲ್ಲಿ ಚಕ್ಕುಲಿ ತಟ್ಟೆ ಇಡಲು ಬಗ್ಗಿದ್ದ ಅತ್ತೆ ಜಡೆ ಹಿಂದಕ್ಕೆ ಹಾಕಿಕೊಂಡರು. "ಈಗಷ್ಟೇ ಮುಡಿದೆ ಕಣೋ" ಅಂದರು.